ನಮ್ಮ ಬಿಜೈ ಆಫೀಸ್ ಕಟ್ಟಡದ ಮೂರು ಲಿಫ್ಟ್‌ಗಳ ಎಎಂಸಿ ಒಪ್ಪಂದ, 2025-26

ಇದು 1 ಜುಲೈ 2025ರಿಂದ 30 ಜೂನ್ 2026ರವರೆಗಿನ ಒಪ್ಪಂದ. ಇದರಲ್ಲಿ "ನಾವು" ಅಂದ್ರೆ ಮಂಗಳೂರು ಬಿಜೈಯ ಏಳು ಮಾಳಿಗೆ ಆಫೀಸ್ ಕಟ್ಟಡದ ಓನರ್ಸ್ ಅಸೋಸಿಯೇಶನ್, "ನೀವು" ಅಂದ್ರೆ ಲಿಫ್ಟ್ ಸರ್ವಿಸ್ ಮಾಡುವ ಕಂಪೆನಿ. ಹೋದ ಸಲದ ಏಜೆನ್ಸಿ ಕೊಟ್ಟ ಇಂಗ್ಲಿಷ್ ಕಾಂಟ್ರಾಕ್ಟ್ 14 ಪುಟ ಇತ್ತು, ನಮ್ಮಲ್ಲಿ ಯಾರೂ ಪೂರ್ತಿ ಓದ್ಲಿಲ್ಲ, ಲಿಫ್ಟ್ ಹನ್ನೊಂದು ದಿನ ನಿಂತಾಗ ತೆರೆದು ನೋಡಿದ್ರೆ ಎಲ್ಲ ಜವಾಬ್ದಾರಿ ನಮ್ಮ ತಲೆಗೇ ಕಟ್ಟಿದ್ರು. ಹಾಗಾಗಿ ಈ ಸಲ ಎರಡೂ ಕಡೆಯವರಿಗೆ ಅರ್ಥ ಆಗುವ ಮಾತಲ್ಲೇ ಬರೆದುಕೊಂಡಿದ್ದೇವೆ.

1. ಯಾವ ಲಿಫ್ಟ್, ಎಷ್ಟು ದುಡ್ಡು

ಎದುರಿನ ಎರಡು ಪ್ಯಾಸೆಂಜರ್ ಲಿಫ್ಟ್, ಎ ಮತ್ತು ಬಿ, ತಲಾ 10 ಜನ 680 ಕೆಜಿ, ಆಟೋ ಡೋರ್, 2014ರಲ್ಲಿ ಹಾಕಿದ್ದು. ಹಿಂದುಗಡೆಯ ಸಿ ಲಿಫ್ಟ್ 8 ಜನ 544 ಕೆಜಿ, ಕೈಯಲ್ಲಿ ಎಳೆಯುವ ಗೇಟಿನದ್ದು, 2009ರದ್ದು. ಎ, ಬಿ ಎರಡಕ್ಕೂ ಕಾಂಪ್ರಹೆನ್ಸಿವ್, ಅಂದ್ರೆ ಸ್ಪೇರ್ ಪಾರ್ಟ್ ಸಮೇತ, ತಲಾ ₹62,000. ಸಿಗೆ ಲೇಬರ್ ಮಾತ್ರ, ₹24,000. ಒಟ್ಟು ₹1,48,000, ಜಿಎಸ್‌ಟಿ 18% ಸೇರಿ ₹1,74,640, ಮೂರು ತಿಂಗಳಿಗೊಮ್ಮೆ ₹43,660ರ ನಾಲ್ಕು ಕಂತು. ಕ್ವಾರ್ಟರ್ ಮುಗಿದ ಮೇಲೆ ಬಿಲ್ ಕೊಡಿ, 30 ದಿನದೊಳಗೆ ಹಾಕ್ತೇವೆ, ತಡ ಆದ್ರೆ ತಿಂಗಳಿಗೆ 1% ಬಡ್ಡಿ ನಮ್ಮದು.

2. ನೀವು ಮಾಡ್ಬೇಕಾದ ಕೆಲಸ

ಪ್ರತಿ ತಿಂಗಳು 10ನೇ ತಾರೀಕಿನೊಳಗೆ ಮೂರೂ ಲಿಫ್ಟಿಗೆ ಸರ್ವಿಸ್. ಸರ್ವಿಸ್ ಅಂದ್ರೆ ಕ್ಯಾಬಿನ್ ಒಳಗೆ ಬಟ್ಟೆಯಲ್ಲಿ ಒರೆಸಿ ಸಹಿ ತಗೊಂಡು ಹೋಗುವುದಲ್ಲ, ಮಷಿನ್ ರೂಮ್, ಕಾರ್ ಟಾಪ್ ಅಂದ್ರೆ ಕ್ಯಾಬಿನ್ನಿನ ಮೇಲ್ಭಾಗ, ಪಿಟ್ ಅಂದ್ರೆ ಲಿಫ್ಟಿನ ತಳದ ಗುಂಡಿ, ಮೂರೂ ಕಡೆ ಇಳಿದು ಹತ್ತಿ ನೋಡ್ಬೇಕು. ಬ್ರೇಕ್ ಲೈನಿಂಗ್, ರೋಪಿನ ಸವೆತ ಮತ್ತು ತಂತಿ ಕಡಿದದ್ದು, ಗವರ್ನರ್, ಲಿಮಿಟ್ ಸ್ವಿಚ್, ಪ್ರತಿ ಮಾಳಿಗೆಯ ಡೋರ್ ಲಾಕ್, ಡೋರ್ ಸೆನ್ಸರ್, ಗೈಡ್ ಶೂ, ಇಂಟರ್‌ಕಾಮ್, ಅಲಾರಂ, ಇಷ್ಟನ್ನು ನೋಡಿ ಲಾಗ್ ಬುಕ್ಕಲ್ಲಿ ಬರೆಯಬೇಕು. ಎಆರ್‌ಡಿ ಅಂದ್ರೆ ಕರೆಂಟ್ ಹೋದಾಗ ಲಿಫ್ಟನ್ನು ಬ್ಯಾಟರಿಯಲ್ಲಿ ಮಾಳಿಗೆಗೆ ತರುವ ಸಾಧನ, ಅದನ್ನು ಮೇನ್ ಆಫ್ ಮಾಡಿಯೇ ಟೆಸ್ಟ್ ಮಾಡಿ, ಲಿಫ್ಟ್ ಹತ್ತಿರದ ಮಾಳಿಗೆಗೆ ಬಂದು ಬಾಗಿಲು ತೆರೆದ್ರೆ ಮಾತ್ರ "ಸರಿ ಉಂಟು" ಅಂತ ಬರೀರಿ, ಬ್ಯಾಟರಿ ಲೈಟ್ ಉರೀತದೆ ಅಂತ ಟಿಕ್ ಹಾಕ್ಲಿಕ್ಕಿಲ್ಲ.

ನಮ್ಮ ಊರಿನ ಉಪ್ಪು ಗಾಳಿ ಮತ್ತು ಮಳೆಗೆ ಕಬ್ಬಿಣ ಎಷ್ಟು ಬೇಗ ತುಕ್ಕು ಹಿಡೀತದೆ ಅಂತ ನಿಮಗೆ ಹೇಳ್ಬೇಕಾಗಿಲ್ಲ. ಆದ್ದರಿಂದ ಮೇ ತಿಂಗಳಲ್ಲಿ ಒಂದು ಸಲ, ಮಳೆ ಬಿಟ್ಟ ಮೇಲೆ ಅಕ್ಟೋಬರಲ್ಲಿ ಒಂದು ಸಲ, ಪಿಟ್ಟಿನ ಬಫರ್, ಬ್ರಾಕೆಟ್, ರೇಲ್ ಎಲ್ಲ ಸ್ಪೆಷಲ್ ಆಗಿ ನೋಡಿ ಫೋಟೋ ಸಮೇತ ರಿಪೋರ್ಟ್ ಕೊಡ್ಬೇಕು.

ಡೋರ್ ಬೆಲ್ಟ್, ರೋಲರ್, ಕಾಂಟ್ಯಾಕ್ಟರ್, ಬ್ರೇಕ್ ಲೈನಿಂಗ್, ಎಆರ್‌ಡಿ ಬ್ಯಾಟರಿ ನಿಮ್ಮ ಮಂಗಳೂರು ಸ್ಟಾಕಲ್ಲಿ ಯಾವಾಗಲೂ ಇರ್ಬೇಕು. "ಬೆಂಗಳೂರಿಂದ ಬರ್ಬೇಕು, ಶಿರಾಡಿಯಲ್ಲಿ ಗುಡ್ಡ ಜರಿದಿದೆ" ಎಂಬ ಕಾರಣ ಈ ಐದು ಐಟಂಗೆ ನಡೆಯುವುದಿಲ್ಲ.

ಕರ್ನಾಟಕದ 2012ರ ಲಿಫ್ಟ್ ಕಾಯ್ದೆ ಪ್ರಕಾರ ಲೈಸೆನ್ಸ್ ಅರ್ಜಿ, ಫೀಸು ನಮ್ಮದು. ವಿದ್ಯುತ್ ಪರಿವೀಕ್ಷಣಾಲಯದವರು ಕೇಳುವ ಟೆಕ್ನಿಕಲ್ ಪೇಪರ್ ನಿಮ್ಮದು, ಇನ್‌ಸ್ಪೆಕ್ಷನ್ ದಿನ ನಿಮ್ಮ ಇಂಜಿನಿಯರ್ ಖುದ್ದು ಇರ್ಬೇಕು. ನಿಮ್ಮ ಹುಡುಗರ ವಿಮೆಯೂ ನಿಮ್ಮದೇ. ಕಾರ್ ಟಾಪಿಗೆ ಒಬ್ಬನನ್ನೇ ಹತ್ತಿಸ್ಲಿಕ್ಕಿಲ್ಲ.

3. ಎಷ್ಟು ಹೊತ್ತಲ್ಲಿ ಬರ್ಬೇಕು

ಒಳಗೆ ಜನ ಸಿಕ್ಕಿಹಾಕ್ಕೊಂಡ್ರೆ ಹಗಲು 30 ನಿಮಿಷ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ನಿಮಿಷ, ಭಾನುವಾರ, ಹಬ್ಬ ಯಾವುದೂ ಲೆಕ್ಕ ಇಲ್ಲ. ಎ ಮತ್ತು ಬಿ ಎರಡೂ ನಿಂತ್ರೆ 2 ಗಂಟೆ, ಒಂದೇ ನಿಂತ್ರೆ 4 ಗಂಟೆ. ಟೈಮ್ ಶುರು ಆಗುವುದು ನಮ್ಮ ಸೆಕ್ಯೂರಿಟಿ ನಿಮ್ಮ ನಂಬರಿಗೆ ಕಾಲ್ ಮಾಡಿದ ಅಥವಾ ವಾಟ್ಸಾಪ್ ಹಾಕಿದ ನಿಮಿಷದಿಂದ, ಮುಗಿಯುವುದು ನಿಮ್ಮ ಟೆಕ್ನಿಷಿಯನ್ ಗೇಟ್ ರಿಜಿಸ್ಟರಲ್ಲಿ ಹೆಸರು ಬರೆದ ನಿಮಿಷಕ್ಕೆ. "ಹೊರಟಾಯ್ತು ಸಾರ್, ನಂತೂರಲ್ಲಿದ್ದೇನೆ" ಅಂದ್ರೆ ಬಂದ ಲೆಕ್ಕ ಅಲ್ಲ.

ಜನ ಸಿಕ್ಕಿಹಾಕ್ಕೊಂಡಾಗ ಹೇಳಿದ ಟೈಮಿಗೆ ಬಾರದಿದ್ರೆ, ಅಥವಾ ಒಳಗಿನವರಿಗೆ ಹುಷಾರಿಲ್ಲ ಅಂತ ಗೊತ್ತಾದ ಕೂಡಲೇ, ನಾವು 112ಕ್ಕೆ ಫೋನ್ ಮಾಡಿ ಅಗ್ನಿಶಾಮಕದವರನ್ನು ಕರೀತೇವೆ, ಅವರು ಬಾಗಿಲು ಬಿಡಿಸುವಾಗ ಆದ ಡ್ಯಾಮೇಜ್, ನೀವು ತಡ ಮಾಡಿದ್ರೆ ನಿಮ್ಮ ಖಾತೆಗೆ. ನಮ್ಮ ಸೆಕ್ಯೂರಿಟಿ ತಾವಾಗಿ ಬಾಗಿಲು ಮೀಟ್ಲಿಕ್ಕಿಲ್ಲ, ಇಂಟರ್‌ಕಾಮಲ್ಲಿ ಮಾತಾಡಿ ಧೈರ್ಯ ಹೇಳುವುದಷ್ಟೇ ಅವರ ಕೆಲಸ, ಅದಕ್ಕೆ ವರ್ಷಕ್ಕೆ ಎರಡು ಸಲ ನೀವು ಟ್ರೈನಿಂಗ್ ಕೊಡ್ಬೇಕು.

ಬಂದ ಮೇಲೆ ರಿಪೇರಿಗೆ 24 ಗಂಟೆ. ಕಂಟ್ರೋಲರ್ ಕಾರ್ಡ್ ಅಥವಾ ಡ್ರೈವ್ ಹೋದ್ರೆ 72 ಗಂಟೆ, ರೋಪ್ ಬದಲಿಸ್ಲಿಕ್ಕಾದ್ರೆ 7 ದಿನ. ಒಂದೇ ಫಾಲ್ಟ್ 30 ದಿನದಲ್ಲಿ ಮೂರು ಸಲ ಬಂದ್ರೆ ಅದೇ ಹುಡುಗನನ್ನು ನಾಲ್ಕನೇ ಸಲ ಕಳಿಸ್ಬೇಡಿ, ಸೀನಿಯರ್ ಇಂಜಿನಿಯರ್ ಬರ್ಬೇಕು.

4. ಯಾವುದು ಇದರಲ್ಲಿ ಇಲ್ಲ

ಕ್ಯಾಬಿನ್ನಿನ ಕನ್ನಡಿ, ಫ್ಲೋರಿಂಗ್, ಫ್ಯಾನ್, ಸಿವಿಲ್ ಕೆಲಸ, ಸರ್ಕಾರ ಹೊಸದಾಗಿ ಹಾಕಿಸ್ಲಿಕ್ಕೆ ಹೇಳುವ ಸಾಮಾನು, ಸಿ ಲಿಫ್ಟಿನ ಎಲ್ಲ ಪಾರ್ಟ್, ಇವು ಹೊರಗೆ. ಸಿಗೆ ಮೊದಲು ಕೊಟೇಶನ್ ಕೊಡಿ, ನಾವು ಓಕೆ ಬರೆದು ಕೊಟ್ಟ ಮೇಲೆ ಕೆಲಸ. ಬಾಡಿಗೆಯವರು ಶಿಫ್ಟಿಂಗ್ ಮಾಡುವಾಗ ಕಪಾಟು ತುರುಕಿ ಬಾಗಿಲು ಹಾಳು ಮಾಡಿದ್ರೆ ಅದೂ ನಮ್ಮದೇ, ಆದ್ರೆ ಸಿಸಿಟಿವಿ ಫೂಟೇಜ್ ಇಬ್ಬರೂ ಕೂತು ನೋಡಿ ತೀರ್ಮಾನ ಮಾಡುವ, ನೀವೊಬ್ಬರೇ "ಮಿಸ್‌ಯೂಸ್" ಅಂತ ಬರೆದು ಬಿಲ್ ಕಳಿಸ್ಲಿಕ್ಕಿಲ್ಲ.

ಹೋದ ವರ್ಷ ಜಾಸ್ತಿ ಜಗಳ ಆದದ್ದು ಸಿಡಿಲಿನ ವಿಷಯಕ್ಕೆ ಮತ್ತು ಪಿಟ್ ನೀರಿನ ವಿಷಯಕ್ಕೆ, ಹಾಗಾಗಿ ಬಿಡಿಸಿ ಬರೀತೇವೆ. ಸಿಡಿಲಿಗೆ ಅಥವಾ ಮೆಸ್ಕಾಂ ಲೈನಿನ ವೋಲ್ಟೇಜ್ ಏರುಪೇರಿಗೆ ಕಾರ್ಡ್ ಸುಟ್ಟರೆ: ಸರ್ಜ್ ಪ್ರೊಟೆಕ್ಟರ್, ಅರ್ಥಿಂಗ್ ಸರಿ ಇಲ್ಲ ಅಂತ ನೀವು ಮೊದಲೇ ಲಾಗ್ ಬುಕ್ಕಲ್ಲಿ ಬರೆದು, ನಾವು 30 ದಿನ ಸುಮ್ಮನೆ ಕೂತಿದ್ರೆ ಕಾರ್ಡಿನ ದುಡ್ಡು ನಮ್ಮದು. ನೀವು ಬರೆಯದೆ ಇದ್ರೆ ನಿಮ್ಮದು. ಎಲ್ಲ ಸರಿ ಇದ್ದೂ ಸುಟ್ಟರೆ ಅರ್ಧರ್ಧ. ಪಿಟ್ಟಿಗೆ ನೀರು ಬಂದ್ರೆ ಪಂಪ್ ಮಾಡುವುದು, ವಾಟರ್‌ಪ್ರೂಫಿಂಗ್ ನಮ್ಮದು, ಆದ್ರೆ ನೀರು ಕಂಡು ಲಿಫ್ಟ್ ಆಫ್ ಮಾಡದೆ ಹೋಗಿ ಆಮೇಲೆ ಸ್ವಿಚ್ ಹಾಳಾದ್ರೆ ನಿಮ್ಮದು. ಯಾವ ಪಾರ್ಟ್ ಬದಲಿಸಿದ್ರೂ ಹಳೆಯದ್ದನ್ನು ನಮ್ಮ ಆಫೀಸಲ್ಲಿ ತೋರಿಸಿಯೇ ತಗೊಂಡು ಹೋಗಿ.

5. ದಂಡ

ಜನ ಒಳಗಿದ್ದು ತಡ ಆದ್ರೆ ₹2,000, ಮೇಲೆ ಪ್ರತಿ 15 ನಿಮಿಷಕ್ಕೆ ₹1,000. ಬೇರೆ ಕಾಲಿಗೆ ತಡ ಆದ್ರೆ ಪ್ರತಿ ಅರ್ಧ ಗಂಟೆಗೆ ₹500. ರಿಪೇರಿ ಟೈಮ್ ದಾಟಿದ್ರೆ ಲಿಫ್ಟ್ ಒಂದಕ್ಕೆ ದಿನಕ್ಕೆ ₹1,000, ನಾಲ್ಕನೇ ದಿನದಿಂದ ₹2,000. ತಿಂಗಳ ಸರ್ವಿಸ್ ತಪ್ಪಿದ್ರೆ ₹3,000. ಇದನ್ನೆಲ್ಲ ಮುಂದಿನ ಬಿಲ್ಲಲ್ಲಿ ಕಟ್ ಮಾಡ್ತೇವೆ, ಒಟ್ಟು ಮಿತಿ ವರ್ಷಕ್ಕೆ ₹22,200, ಅಂದ್ರೆ ಜಿಎಸ್‌ಟಿ ಇಲ್ಲದ ಮೊತ್ತದ 15%. ಮಿತಿ ಮುಟ್ಟಿದ್ರೆ 15 ದಿನದ ನೋಟಿಸ್ ಕೊಟ್ಟು ನಾವು ಒಪ್ಪಂದ ಬಿಡಬಹುದು.

ಡೋರ್ ಲಾಕಿಗೆ ವಯರ್ ಹಾಕಿ ಬೈಪಾಸ್ ಮಾಡಿ ಲಿಫ್ಟನ್ನು ಜನರಿಗೆ ಬಿಟ್ಟದ್ದು ಸಿಕ್ಕಿದ್ರೆ ಮಾತ್ರ ಮಿತಿ ಗಿತಿ ಎಂತದ್ದೂ ಇಲ್ಲ, ನೇರ ₹25,000 ಮತ್ತು ಅದೇ ದಿನ ಒಪ್ಪಂದ ರದ್ದು. ಬಾಗಿಲು ತೆರೆದೇ ಲಿಫ್ಟ್ ಹೋದ್ರೆ ಮನುಷ್ಯ ಬೀಳುವುದು ಪಿಟ್ಟಿಗೆ, ಇದರಲ್ಲಿ ಚೌಕಾಶಿ ಇಲ್ಲ.

ಕರೆಂಟಿಲ್ಲದೆ ನಿಂತದ್ದು, ಮಷಿನ್ ರೂಮ್ ಕೀ ನಮ್ಮವರು ಕೊಡದೆ ಕಾಯಿಸಿದ್ದು, ಬಂದ್, ನೆರೆ ನೀರಿಗೆ ರಸ್ತೆ ಮುಚ್ಚಿದ್ದು, ಈ ಹೊತ್ತನ್ನು ಲೆಕ್ಕದಿಂದ ಬಿಡ್ತೇವೆ. ನೆರೆ ಅಂತ ಹೇಳುವಾಗ ಒಂದು ಫೋಟೋ ಕಳಿಸಿ.

6. ಬಾಕಿ

ಯಾರು ಬಿಡುವುದಾದ್ರೂ 60 ದಿನ ಮೊದಲು ಬರೆದು ಕೊಡ್ಬೇಕು, ಮೇಲೆ ಹೇಳಿದ ಎರಡು ಸಂದರ್ಭ ಬಿಟ್ಟು. ಬಿಟ್ಟು ಹೋಗುವಾಗ ಲಾಗ್ ಬುಕ್, ಕೀ, ವಯರಿಂಗ್ ಡ್ರಾಯಿಂಗ್, ಕಂಟ್ರೋಲರ್ ಪಾಸ್‌ವರ್ಡ್ ನಮಗೆ ಒಪ್ಪಿಸಿದ ಮೇಲೆಯೇ ಕೊನೆ ಕಂತು. ತಕರಾರು ಬಂದ್ರೆ ಮೊದಲು ಕೂತು ಮಾತು, ಆಗದಿದ್ರೆ ಮಂಗಳೂರಿನ ಕೋರ್ಟು. ಸ್ಟಾಂಪ್ ಪೇಪರ್ ಖರ್ಚು ಅರ್ಧರ್ಧ, ಎರಡು ಕಾಪಿ, ಪ್ರತಿ ಪುಟಕ್ಕೂ ಅಸೋಸಿಯೇಶನ್ ಕಾರ್ಯದರ್ಶಿ ಮತ್ತು ನಿಮ್ಮ ಬ್ರಾಂಚ್ ಮ್ಯಾನೇಜರ್ ಇಬ್ಬರ ಸಹಿ.