ನಿಮ್ಮ ಮೊದಲ ಮ್ಯಾಮೊಗ್ರಾಮ್ ವರದಿ: ‘ಸಿ’ ಎಂದರೇನು, ‘0’ ಎಂದರೇನು

ನಮಸ್ಕಾರ. ಸೋಮವಾರ ತೆಗೆದ ನಿಮ್ಮ ಮ್ಯಾಮೊಗ್ರಾಮ್ ವರದಿಯ ಜೊತೆ ಈ ಕಾಗದ ಇಟ್ಟಿದ್ದೇನೆ. ವರದಿಯ ಕೊನೆಯಲ್ಲಿ ಡೆನ್ಸಿಟಿ, ಅಂದರೆ ಸ್ತನದ ದಟ್ಟತೆ, ‘ಸಿ’ ಎಂದೂ, ಎಡ ಸ್ತನಕ್ಕೆ ‘BI-RADS 0’, ಬಲಕ್ಕೆ ‘BI-RADS 2’ ಎಂದೂ ಇದೆ. BI-RADS ಅಂದರೆ ಸ್ತನದ ಚಿತ್ರಗಳ ವರದಿ ಬರೆಯಲು ವೈದ್ಯರು ಬಳಸುವ ಪದ್ಧತಿ. ಮೊದಲ ಸಲ ನೋಡುವವರಿಗೆ ಈ ಅಕ್ಷರ, ಅಂಕಿಗಳು ಶಾಲೆಯ ಮಾರ್ಕ್ಸ್ ಕಾರ್ಡ್ ಹಾಗೆ ಕಾಣುತ್ತವೆ. ಆದರೆ ಸಿ ಕಡಿಮೆ ದರ್ಜೆಯಲ್ಲ, 0 ಸೊನ್ನೆ ಅಂಕವೂ ಅಲ್ಲ. ಅಕ್ಷರ ಹೇಳುವ ವಿಷಯವೇ ಬೇರೆ, ಅಂಕಿ ಹೇಳುವ ವಿಷಯವೇ ಬೇರೆ.

ಮೊದಲು ಅಕ್ಷರ ನೋಡೋಣ. ಸ್ತನದಲ್ಲಿ ಹಾಲಿನ ಗ್ರಂಥಿ, ನಾರು, ಕೊಬ್ಬು ಮೂರೂ ಇರುತ್ತವೆ. ಮ್ಯಾಮೊಗ್ರಾಮ್ ಎಂಬ ಸ್ತನದ ಎಕ್ಸ್‌ರೇಯಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ, ಗ್ರಂಥಿ ಮತ್ತು ನಾರು ಬೆಳ್ಳಗೆ. ತೊಂದರೆ ಏನೆಂದರೆ, ಕ್ಯಾನ್ಸರ್ ಗಂಟು ಕೂಡ ಬೆಳ್ಳಗೇ ಕಾಣುತ್ತದೆ. ರಾಗಿಯಲ್ಲಿ ಬಿಳಿ ಕಲ್ಲು ಬಿದ್ದರೆ ತಟ್ಟನೆ ಕಣ್ಣಿಗೆ ಬೀಳುತ್ತದೆ. ಅದೇ ಕಲ್ಲು ಅಕ್ಕಿಯಲ್ಲಿದ್ದರೆ ಮೊರ ಹಿಡಿದು ಕೂರಬೇಕು, ಅಲ್ವಾ? ಎ ಎಂದರೆ ಬಹುತೇಕ ಕೊಬ್ಬು. ಬಿ ಎಂದರೆ ಅಲ್ಲಲ್ಲಿ ಗ್ರಂಥಿ. ಸಿ ಎಂದರೆ ಹೆಚ್ಚಿನ ಭಾಗ ಗ್ರಂಥಿ ಮತ್ತು ನಾರು, ಸಣ್ಣ ಗಂಟು ಅದರ ಮರೆಯಲ್ಲಿ ಉಳಿಯಬಹುದು. ಡಿ ಎಂದರೆ ಸ್ತನ ಪೂರ್ತಿ ದಟ್ಟ. ಸಿ ಮತ್ತು ಡಿ ಎರಡನ್ನೂ ‘ದಟ್ಟ ಸ್ತನ’ ಎನ್ನುತ್ತೇವೆ.

ಇದು ಕಾಯಿಲೆಯಲ್ಲ. ಅಮೆರಿಕದ ಲೆಕ್ಕ ನೋಡಿದರೆ, 40 ದಾಟಿದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯದು ದಟ್ಟ ಸ್ತನವೇ. ನಿಮಗೆ ಈಗ 44, ಮುಟ್ಟು ಇನ್ನೂ ನಿಂತಿಲ್ಲ. ಈ ವಯಸ್ಸಿನಲ್ಲಿ ಸಿ ಬರುವುದು ತೀರಾ ಮಾಮೂಲು. ಮುಟ್ಟು ನಿಂತ ಮೇಲೆ ಹಲವರಲ್ಲಿ ದಟ್ಟತೆ ಕಡಿಮೆಯಾಗುತ್ತದೆ. ಕೈಗೆ ಗಟ್ಟಿ ಅನ್ನಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಚಿತ್ರ ನೋಡಿಯೇ ಹೇಳಬೇಕು. ಒಂದು ಮಾತು ಮುಚ್ಚಿಡುವುದಿಲ್ಲ. ದಟ್ಟ ಸ್ತನದವರಿಗೆ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಸ್ವಲ್ಪ ಜಾಸ್ತಿ, ಡಿ ಇರುವವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಆದರೆ ತಾಯಿಗೋ ಅಕ್ಕತಂಗಿಗೋ ಈ ಕಾಯಿಲೆ ಬಂದಿತ್ತಾ, ನಿಮ್ಮ ವಯಸ್ಸೆಷ್ಟು, ಇವನ್ನೆಲ್ಲ ಸೇರಿಸಿ ನೋಡಬೇಕೇ ಹೊರತು ಒಂದು ಅಕ್ಷರ ಹಿಡಿದು ಅಳೆಯಬಾರದು.

ಇನ್ನು ಅಂಕಿ. ಅದು ನಿಮ್ಮ ಮುಂದಿನ ಬದುಕಿನ ಭವಿಷ್ಯ ಹೇಳುವುದಿಲ್ಲ. ಈ ಚಿತ್ರದಲ್ಲಿ ಈಗ ಕಂಡದ್ದರ ಬಗ್ಗೆ ನಮಗೆಷ್ಟು ಅನುಮಾನ, ಮುಂದೆ ಏನು ಮಾಡಬೇಕು, ಅಷ್ಟನ್ನೇ ಹೇಳುತ್ತದೆ. 0 ಎಂದರೆ ‘ಇನ್ನೂ ತೀರ್ಮಾನವಾಗಿಲ್ಲ, ಬೇರೆ ಚಿತ್ರ ಬೇಕು’ ಎಂದು. ನಿಮ್ಮ ಎಡ ಸ್ತನದಲ್ಲಿ ಒಂದು ಕೋನದ ಚಿತ್ರದಲ್ಲಿ ಬಿಳಿ ನೆರಳು ಕಂಡಿದೆ, ಇನ್ನೊಂದು ಕೋನದಲ್ಲಿ ಕಂಡಿಲ್ಲ. ಗ್ರಂಥಿಗಳು ಒಂದರ ಮೇಲೊಂದು ಒತ್ತಿಕೊಂಡಾಗ ಹೀಗೆ ಕಾಣುವುದುಂಟು. ಹಳೆಯ ಮ್ಯಾಮೊಗ್ರಾಮ್ ಇದ್ದಿದ್ದರೆ ಪಕ್ಕದಲ್ಲಿಟ್ಟು ನೋಡಬಹುದಿತ್ತು. ಇದು ನಿಮ್ಮ ಮೊದಲನೆಯದು, ಹಾಗಾಗಿ ಮತ್ತೆ ಕರೆಯುತ್ತಿದ್ದೇನೆ. ಹೀಗೆ ಕರೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಹಾಗಂತ ಬರದೇ ಇರಬೇಡಿ. 0 ಇರುವ ವರದಿ ಅರ್ಧಕ್ಕೆ ನಿಂತ ವರದಿ.

ಬಲ ಸ್ತನದ 2 ಸರಿಯಾಗಿದೆ. ಅಲ್ಲಿ ಸುಣ್ಣದ ಕಾಳಿನಂಥ ಚುಕ್ಕೆಗಳಿವೆ, ಅಪಾಯವಿಲ್ಲದವು. 1 ಎಂದರೆ ಹೇಳುವಂಥದ್ದೇನೂ ಕಂಡಿಲ್ಲ. 3 ಎಂದರೆ ಕ್ಯಾನ್ಸರ್ ಇರುವ ಸಾಧ್ಯತೆ 100ಕ್ಕೆ 2ಕ್ಕಿಂತ ಹೆಚ್ಚಿಲ್ಲ, ಸಾಮಾನ್ಯವಾಗಿ 6 ತಿಂಗಳಿಗೆ ಮತ್ತೆ ನೋಡುತ್ತೇವೆ. 4 ಬಂದರೆ ಬಯಾಪ್ಸಿ, ಅಂದರೆ ಸೂಜಿಯಿಂದ ಚೂರು ತೆಗೆದು ಪರೀಕ್ಷೆ. ಈ 4ರ ಹರವು ತುಂಬಾ ದೊಡ್ಡದು. 4ಎ ಆದರೆ 100ಕ್ಕೆ 2ರಿಂದ 10, 4ಬಿ ಆದರೆ 50ರವರೆಗೆ, 4ಸಿ ಆದರೆ 95ರ ಹತ್ತಿರದವರೆಗೆ. 5 ಎಂದರೆ 95 ಅಥವಾ ಅದಕ್ಕೂ ಹೆಚ್ಚು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಈಗಾಗಲೇ ಗೊತ್ತಾದವರಿಗೆ ಮಾತ್ರ 6. ದಯವಿಟ್ಟು 4ರ ಪಕ್ಕದ ಸಿ ಮತ್ತು ನಿಮ್ಮ ಡೆನ್ಸಿಟಿಯ ಸಿ ಒಂದೇ ಅಂದುಕೊಳ್ಳಬೇಡಿ. ವರದಿ ಓದಿದ ಮನೆಯವರು ಇಲ್ಲೇ ಸುಮ್ನೆ ಗಾಬರಿಯಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಗುರುವಾರ ಬೆಳಿಗ್ಗೆ 11 ಗಂಟೆಗೆ ಬನ್ನಿ. ಎಡ ಸ್ತನದ ಆ ಜಾಗವನ್ನಷ್ಟೇ ಚಿಕ್ಕ ತಟ್ಟೆಯಿಂದ ಒತ್ತಿ ಚಿತ್ರ ತೆಗೆಯುತ್ತೇವೆ, ಒತ್ತುವಾಗ ಕೆಲವು ಕ್ಷಣ ನೋವಾಗಬಹುದು. ಆಮೇಲೆ ಎರಡೂ ಕಡೆ ಅಲ್ಟ್ರಾಸೌಂಡ್. ಅದರಲ್ಲಿ ಗಂಟು ಸಾಮಾನ್ಯವಾಗಿ ಕಪ್ಪಗೆ, ಗ್ರಂಥಿ ಬೆಳ್ಳಗೆ ಕಾಣುವುದರಿಂದ ದಟ್ಟ ಸ್ತನಕ್ಕೆ ಅದು ಒಳ್ಳೆಯ ಜೊತೆ. ಅವತ್ತು ಕಂಕುಳಿಗೆ, ಎದೆಗೆ ಪೌಡರ್ ಹಾಕಬೇಡಿ, ಚಿತ್ರದಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಎರಡು ತುಂಡಿನ ಉಡುಪು ಹಾಕಿಕೊಂಡರೆ ಸಲೀಸು. ಮೊದಲು ಎಲ್ಲಾದರೂ ಸ್ತನದ ಅಲ್ಟ್ರಾಸೌಂಡ್ ಮಾಡಿಸಿದ್ದರೆ ಆ ಕಾಗದಗಳನ್ನು ತನ್ನಿ. ಅಷ್ಟರೊಳಗೆ ಕೈಗೆ ಗಂಟು ಸಿಕ್ಕರೆ, ಚರ್ಮ ಒಳಸೆಳೆದರೆ, ತೊಟ್ಟಿನಿಂದ ರಕ್ತ ಬಂದರೆ ಗುರುವಾರದವರೆಗೆ ಕಾಯಬೇಡಿ, ತಕ್ಷಣ ಬನ್ನಿ. ಅಂದಿನ ಚಿತ್ರಗಳನ್ನು ನಿಮ್ಮ ಮುಂದೆಯೇ ತೆರೆದು ತೋರಿಸುತ್ತೇನೆ. 0 ಇರುವ ಜಾಗದಲ್ಲಿ ಯಾವ ಅಂಕಿ ಬಂತು, ಯಾಕೆ ಬಂತು ಎಂದು ಅವತ್ತೇ ಹೇಳುತ್ತೇನೆ.

ನಿಮ್ಮ ರೇಡಿಯಾಲಜಿ ವೈದ್ಯೆ