ಸೂರಿನ ನೀರಿನ ಚಿತ್ರಪಟ: ಗ್ರಾಮಸಭೆಯಲ್ಲಿ ಒಂದು ಮಾತು

ಅಧ್ಯಕ್ಷರಿಗೆ, ಸದಸ್ಯರಿಗೆ, ಪಿಡಿಒ ಅವರಿಗೆ, ಊರಿನ ಹಿರಿಯರಿಗೆ, ಅಕ್ಕ-ತಂಗಿಯರಿಗೆ, ಅಣ್ಣ-ತಮ್ಮಂದಿರಿಗೆ ನಮಸ್ಕಾರ.

ನಾನು ನಮ್ಮೂರ ಹೈಸ್ಕೂಲಿನ ವಿಜ್ಞಾನ ಮೇಡಂ ಅಂತ ನಿಮಗೆಲ್ಲ ಗೊತ್ತೇ ಇದೆ. ಗೋಡೆಗೆ ಕಟ್ಟಿರುವ ಈ ಫ್ಲೆಕ್ಸ್ ನೋಡಿ. ಮಾಳಿಗೆ ಮೇಲೆ ಬೀಳೋ ಮಳೆ ನೀರನ್ನು ಹಿಡಿದಿಟ್ಟು ಕುಡಿಯೋಕೆ ಬಳಸೋದು ಹೇಗೆ ಅಂತ ಇದರಲ್ಲಿ ಬಿಡಿಸಿದ್ದಾರೆ. ಮನೆ, ಪೈಪು, ಡ್ರಮ್ಮು, ತೊಟ್ಟಿ, ಬೋರ್‌ವೆಲ್, ಪಕ್ಕದಲ್ಲಿ ಒಂದಿಷ್ಟು ಕಂಬಗಳು. ಇದನ್ನು ಓದೋದು ಸುಲಭ. ನೀಲಿ ಬಾಣ ಹೋದ ಕಡೆ ನೀರು ಹೋಗುತ್ತೆ, ಅಷ್ಟೇ. ಕಣ್ಣು ಮಾಳಿಗೆಯಿಂದ ಶುರುವಾಗಿ ಕೆಳಗೆ ಇಳೀಲಿ.

ಮಾಳಿಗೆ ಮೇಲೆ 55 ಚದರ ಮೀಟರ್ ಅಂತ ಬರೆದಿದೆ. ಅಂದರೆ ಹೆಚ್ಚುಕಮ್ಮಿ 30 ಅಡಿ ಉದ್ದ, 20 ಅಡಿ ಅಗಲದ ಮನೆ. ನಮ್ಮೂರಲ್ಲಿ ಅಂಥ ಮನೆ ಬೇಕಾದಷ್ಟಿವೆ. ಇನ್ನು ಮಳೆ ಲೆಕ್ಕ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇದೊಂದು ನೆನಪಿಟ್ಟುಕೊಂಡರೆ ಮಿಕ್ಕಿದ್ದನ್ನೆಲ್ಲ ನೀವೇ ಲೆಕ್ಕ ಹಾಕಬಹುದು. ನಮ್ಮ ಪಾವಗಡದ ಕಡೆ ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸು ಮಳೆ. 55 ಅನ್ನು 550ರಿಂದ ಗುಣಿಸಿದರೆ 30 ಸಾವಿರ ಲೀಟರ್ ದಾಟುತ್ತೆ. ಆವಿಯಾಗಿ ಹೋಗೋದು, ಸಿಡಿದು ಹೋಗೋದು, ಮಾಳಿಗೆ ತೊಳೆಯೋಕೆ ಬಿಡೋದು ಎಲ್ಲ ಕಳೆದರೂ 24 ಸಾವಿರ ಲೀಟರ್ ಕೈಗೆ ಸಿಗುತ್ತೆ.

ಅಷ್ಟು ನೀರು ಸಾಕಾ ಅಂತ ಕೇಳ್ತೀರಿ. ಐದು ಜನರ ಮನೆಗೆ ಕುಡಿಯೋಕೆ, ಅಡುಗೆಗೆ ಅಂತ ದಿನಕ್ಕೆ 20 ಲೀಟರಿನ ಒಂದು ಕ್ಯಾನ್ ಇಟ್ಟುಕೊಳ್ಳಿ. ವರ್ಷಕ್ಕೆ 7,300 ಲೀಟರ್ ಆಯಿತು. ಬೇಕಾಗಿದ್ದಕ್ಕಿಂತ ಮೂರು ಪಟ್ಟು ಜಾಸ್ತಿ ನೀರು ನಮ್ಮ ಸೂರಿನ ಮೇಲೇ ಬಿದ್ದು ಬೀದಿಗೆ ಹರಿದು ಹೋಗ್ತಿದೆ. ನಾವು ಕ್ಯಾನ್ ಹಿಡ್ಕೊಂಡು ಶುದ್ಧ ನೀರಿನ ಘಟಕದ ಮುಂದೆ ಸಾಲು ನಿಲ್ತೀವಿ. ಕರೆಂಟ್ ಇಲ್ಲದ ದಿನ ಖಾಲಿ ಕ್ಯಾನ್ ತಗೊಂಡು ವಾಪಸ್ ಬರ್ತೀವಿ.

ಬೋರ್ ನೀರು ಇದೆಯಲ್ಲ ಅಂತ ಕೆಲವರು ಹೇಳಬಹುದು. ನಮ್ಮ ತಾಲ್ಲೂಕಿನ ಬೋರ್ ನೀರಿನ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯೋಕೆ ಯೋಗ್ಯ ಅಲ್ಲ. ನನ್ನ ತರಗತಿಯಲ್ಲಿ ಮಕ್ಕಳು ನಗುವಾಗ ಕೈ ಅಡ್ಡ ಇಟ್ಟುಕೊಳ್ತಾರೆ, ಹಲ್ಲಿನ ಕಂದು ಪಟ್ಟೆ ಕಾಣಬಾರದು ಅಂತ. ಮಂಡಿ ಬಗ್ಗಿಸೋಕೆ ಆಗದ ಹಿರಿಯರು ಇಲ್ಲೇ ಕೂತಿದ್ದೀರಿ. ನೀರು ಕಾಯಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗುತ್ತೆ, ಅದು ಪಾತ್ರೆಯಲ್ಲೇ ಉಳಿಯುತ್ತೆ. ಮಳೆ ನೀರಿನಲ್ಲಿ ಈ ಕಾಟ ಇಲ್ಲ. ಕಲ್ಲಿನ ಪದರದೊಳಗೆ ವರ್ಷಗಟ್ಟಲೆ ನಿಂತ ನೀರಿಗೆ ಫ್ಲೋರೈಡ್ ಸೇರುತ್ತೆ. ಆಕಾಶದಿಂದ ನೇರ ಬಿದ್ದ ನೀರಿಗೆ ಅದು ಎಲ್ಲಿಂದ ಬರಬೇಕು? ಅದಕ್ಕೇ ನಾನು ಮೊದಲು ಕುಡಿಯೋ ನೀರಿನ ತೊಟ್ಟಿ ಆಗಲಿ, ಬೋರ್ ಮಾತು ಆಮೇಲೆ ಅನ್ನೋದು.

ಈಗ ಚಿತ್ರದಲ್ಲಿ ಕೆಂಪು ಬಣ್ಣದ ಪೈಪ್ ನೋಡಿ. ಎಲ್ಲರೂ ಬಿಟ್ಟುಬಿಡೋದು ಇದನ್ನೇ. ಮಾಳಿಗೆ ಮೇಲೆ ನಾವು ಹುಣಸೆಹಣ್ಣು, ಮೆಣಸಿನಕಾಯಿ ಒಣಗಿಸ್ತೀವಿ. ಪಾರಿವಾಳ ಕೂರುತ್ತೆ, ಧೂಳು ಕೂರುತ್ತೆ. ಮಳೆ ಶುರುವಾದಾಗ ಬರೋ ನೀರು ಅದನ್ನೆಲ್ಲ ತೊಳ್ಕೊಂಡು ಬರುತ್ತೆ. ಆ ನೀರು ತೊಟ್ಟಿಗೆ ಹೋಗಬಾರದು. ಆರು ಇಂಚಿನ, ಹತ್ತು ಅಡಿ ಉದ್ದದ ಪೈಪನ್ನು ಹೀಗೆ ನೆಟ್ಟಗೆ ನಿಲ್ಲಿಸಿ, ಕೆಳಗೆ ತಿರುಪಿನ ಮುಚ್ಚಳ ಹಾಕಬೇಕು. ಅದರಲ್ಲಿ 55 ಲೀಟರ್ ಹಿಡಿಯುತ್ತೆ. ಇಡೀ ಮಾಳಿಗೆಯ ಮೊದಲ ಒಂದು ಮಿಲಿಮೀಟರ್ ಮಳೆ ಇದರೊಳಗೆ ನಿಂತುಬಿಡುತ್ತೆ, ಆಮೇಲೆ ಬಂದದ್ದು ಫಿಲ್ಟರಿಗೆ ಹೋಗುತ್ತೆ. ಮಳೆ ನಿಂತ ಮೇಲೆ ಮುಚ್ಚಳ ಬಿಚ್ಚಿ ಖಾಲಿ ಮಾಡಬೇಕು. ಮರೆತರೆ ಮುಂದಿನ ಮಳೆಯ ಕೊಳೆ ಸೀದಾ ಫಿಲ್ಟರಿಗೆ ಹೋಗುತ್ತೆ. ವರ್ಷದ ಮೊದಲ ಮಳೆಯನ್ನಂತೂ ಪೂರ್ತಿ ಹೊರಗೆ ಬಿಟ್ಟುಬಿಡಿ.

ಡ್ರಮ್ಮನ್ನು ಸೀಳಿ ತೋರಿಸಿದ್ದಾರಲ್ಲ, ಅದು ಫಿಲ್ಟರ್. 200 ಲೀಟರಿನ ಡ್ರಮ್ಮು. ತಳದಲ್ಲಿ ಜಲ್ಲಿ, ಅದರ ಮೇಲೆ ಇದ್ದಿಲು, ಮೇಲುಗಡೆ ಮರಳು, ನಡುನಡುವೆ ನೈಲಾನ್ ಬಲೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಎಲ್ಲ ಹೊರಗೆ ತೆಗೆದು ಮರಳು, ಜಲ್ಲಿ ತೊಳೆದು, ಇದ್ದಿಲು ಬದಲಾಯಿಸಿ. ಇಷ್ಟಾದರೂ ಕುಡಿಯೋ ಮುಂಚೆ ಕಾಯಿಸಿ ಆರಿಸಿ. ಇಲ್ಲಿ ಕಾಯಿಸೋದು ಕ್ರಿಮಿ ಸಾಯಲಿ ಅಂತ.

ತೊಟ್ಟಿ ಎಷ್ಟು ದೊಡ್ಡದಿರಬೇಕು? ಬಲಗಡೆ ಕಂಬಗಳನ್ನು ನೋಡಿ, ತಿಂಗಳಿಗೊಂದು. ಸೆಪ್ಟೆಂಬರ್, ಅಕ್ಟೋಬರಿನ ಕಂಬ ಎತ್ತರ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ನೆಲಕ್ಕೆ ಅಂಟಿಕೊಂಡಿವೆ. ಒಣ ದಿನ ಆರು ತಿಂಗಳು ಅಂದುಕೊಂಡರೂ, ದಿನಕ್ಕೆ ಒಂದು ಕ್ಯಾನ್ ಲೆಕ್ಕದಲ್ಲಿ 3,600 ಲೀಟರ್ ಬೇಕು. 5,000 ಲೀಟರಿನ ತೊಟ್ಟಿ ಇದ್ದರೆ ಆ ಮನೆ ಬೇಸಿಗೆ ದಾಟುತ್ತೆ. 20 ಮಿಲಿಮೀಟರಿನ ಒಂದು ಹದ ಮಳೆ ಬಂದರೆ, ಪೋಲಾಗೋದನ್ನು ಕಳೆದು ಒಂದೇ ಸಲಕ್ಕೆ 880 ಲೀಟರ್, ಅಂದರೆ 44 ಕ್ಯಾನ್ ತುಂಬುತ್ತೆ. ತೊಟ್ಟಿಗೆ ಬಿಗಿಯಾದ ಮುಚ್ಚಳ ಇರಲಿ, ಬೆಳಕು ಬೀಳಬಾರದು. ಗಾಳಿ ಕೊಳವೆಗೆ ಸೊಳ್ಳೆ ಬಲೆ ಕಟ್ಟಿ. ಬಿಂದಿಗೆ ಅದ್ದಬೇಡಿ, ನಲ್ಲಿ ಇಡಿಸಿ.

ಚಿತ್ರದಲ್ಲಿ ಇಲ್ಲದ ಒಂದು ವಿಷಯ ನಾನು ಸೇರಿಸ್ತೀನಿ. ಸಿಮೆಂಟ್ ಶೀಟ್ ಹೊದಿಸಿದ ಮನೆಗಳಿವೆ. ಆ ಶೀಟುಗಳಲ್ಲಿ ಕಲ್ನಾರು ಇರುತ್ತೆ. ಅದರ ಮೇಲಿಂದ ಬಂದ ನೀರನ್ನು ಕುಡಿಯೋಕೆ ಬಳಸಬೇಡಿ. ಬಟ್ಟೆಗೆ, ಪಾತ್ರೆಗೆ ಬಳಸಿ, ಅಥವಾ ಇಂಗು ಗುಂಡಿಗೆ ಬಿಡಿ. ಅಂಥ ಮನೆಯವರಿಗೆ ಕುಡಿಯೋ ನೀರು ಹೇಗೆ ಅನ್ನೋದಕ್ಕೆ ಕೊನೆಯಲ್ಲಿ ಬರ್ತೀನಿ.

ತೊಟ್ಟಿ ತುಂಬಿ ಹೆಚ್ಚಾದ ನೀರಿಗೆ ಕೆಳಗಿನ ಚಿತ್ರ. ಬೋರ್‌ವೆಲ್ ಸುತ್ತ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಆಳದ ಗುಂಡಿ. ಗುಂಡಿಯೊಳಗಿನ ಕೇಸಿಂಗ್ ಪೈಪಿನ ತಳಭಾಗಕ್ಕೆ ಸಣ್ಣ ತೂತು ಕೊರೆದು, ಬಲೆ ಸುತ್ತಿ, ಗುಂಡಿಗೆ ಕೆಳಗಿನಿಂದ ದಪ್ಪ ಕಲ್ಲು, ಜಲ್ಲಿ, ಮೇಲೆ ಮರಳು ತುಂಬಬೇಕು. ನೀರನ್ನು ಸೀದಾ ಕೇಸಿಂಗ್ ಒಳಗೆ ಸುರಿಯೋದು ತಪ್ಪು. ಕೆಸರು ಇಳಿದರೆ ಬೋರ್ ಹಾಳು. ಕೊಟ್ಟಿಗೆ, ಚರಂಡಿ, ಶೌಚಾಲಯದ ನೀರು ಹರಿಯೋ ಕಡೆ ಈ ಗುಂಡಿ ಬೇಡವೇ ಬೇಡ. ಚಿತ್ರದುರ್ಗದ ಭೂಜಲ ತಜ್ಞ ಎನ್. ಜೆ. ದೇವರಾಜ ರೆಡ್ಡಿಯವರು ಬೋರ್‌ವೆಲ್ ಮರುಪೂರಣವನ್ನು ನಮ್ಮಂಥ ಒಣ ಸೀಮೆಯಲ್ಲೇ ಮಾಡಿಸಿ ತೋರಿಸಿದ್ದಾರೆ. ಆದರೆ ಎಲ್ಲ ಬೋರ್‌ಗೂ ಒಂದೇ ಫಲ ಸಿಗುತ್ತೆ ಅಂತ ನಾನು ಮಾತು ಕೊಡಲ್ಲ. ಕೆಳಗಿನ ಕಲ್ಲಿನ ಬಿರುಕು ಹೇಗಿದೆಯೋ ಹಾಗೆ.

ಖರ್ಚಿನ ಮಾತು. ಪೈಪು, ಡ್ರಮ್ಮು ಹೇಗೋ ಹೊಂದಿಸಬಹುದು. ದುಡ್ಡು ಹೋಗೋದು ತೊಟ್ಟಿಗೆ, ಅದು ಎಲ್ಲರ ಕೈಗೆ ಎಟುಕಲ್ಲ, ನನಗೆ ಗೊತ್ತು. ಹಾಗಾಗಿ ಸಭೆಯ ಮುಂದೆ ಒಂದು ಕೋರಿಕೆ ಇಡ್ತೀನಿ. ನಮ್ಮ ಶಾಲೆಯ ಆರ್‌ಸಿಸಿ ಮಾಳಿಗೆ 140 ಚದರ ಮೀಟರ್ ಇದೆ. ಇದೇ ಲೆಕ್ಕದಲ್ಲಿ ವರ್ಷಕ್ಕೆ 60 ಸಾವಿರ ಲೀಟರ್ ಸಿಗುತ್ತೆ. ಅಲ್ಲಿ ಒಂದು ದೊಡ್ಡ ತೊಟ್ಟಿ ಕಟ್ಟಿದರೆ ಮಕ್ಕಳಿಗೂ ಆಗುತ್ತೆ, ಪಕ್ಕದ ಬೀದಿಯ ಶೀಟ್ ಮನೆಗಳಿಗೆ ದಿನಕ್ಕೊಂದೊಂದು ಬಿಂದಿಗೆಯಾದರೂ ಸಿಗುತ್ತೆ. ಈ ಕೆಲಸವನ್ನು ಈ ವರ್ಷದ ಕ್ರಿಯಾ ಯೋಜನೆಗೆ ಸೇರಿಸಬೇಕು ಅಂತ ಕೇಳ್ಕೊಳ್ತೀನಿ. ಒಪ್ಪಿಗೆ ಇರೋರು ಕೈ ಎತ್ತಿ, ಪಿಡಿಒ ಅವರು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಲಿ. ಸ್ವಂತ ಮನೆಗೆ ಮಾಡಿಸೋ ಆಸೆ ಇರೋರು ಸಭೆ ಮುಗಿದ ಮೇಲೆ ಇಲ್ಲೇ ಇರಿ. ಟೇಪ್ ತಂದಿದ್ದೀನಿ, ನಿಮ್ಮ ಮಾಳಿಗೆ ಅಳೆದು ಎಷ್ಟು ಲೀಟರ್ ಬರುತ್ತೆ ಅಂತ ಇವತ್ತೇ ಲೆಕ್ಕ ಹಾಕೋಣ.