ನಷ್ಟಭರ್ತಿ ಮುಚ್ಚಳಿಕೆ ಪತ್ರ ಮತ್ತು ಒಡಹುಟ್ಟಿದವರ ಒಪ್ಪಿಗೆ ಪತ್ರಗಳು

ಮಾನ್ಯ ಪೌರಾಯುಕ್ತರು, ನಗರಸಭೆ, ಗಂಗಾವತಿ, ಜಿಲ್ಲೆ ಕೊಪ್ಪಳ ಇವರಿಗೆ

ಬಸವರಾಜ ತಂದೆ ದಿವಂಗತ ಶರಣಪ್ಪ, ವಯಸ್ಸು 52, ಉದ್ಯೋಗ ಒಕ್ಕಲುತನ, ಸಾಕಿನ್ ಗಂಗಾವತಿ, ತಂದೆಯವರ ಮನೆಯ ಖಾತೆಯನ್ನು ನನ್ನ ಹೆಸರಿಗೆ ಬದಲಾಯಿಸುವ ಸಲುವಾಗಿ ಬರೆದುಕೊಟ್ಟ ಮುಚ್ಚಳಿಕೆ ಏನೆಂದರೆ:

ನನ್ನ ತಂದೆಯವರು 1989ರಲ್ಲಿ ನೋಂದಾಯಿತ ಕ್ರಯಪತ್ರದ ಮೂಲಕ ಕೊಂಡ 30x40 ಅಡಿ ಅಳತೆಯ ಮನೆ ಅವರ ಸ್ವಯಾರ್ಜಿತ ಆಸ್ತಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಕಾಲುದಾರಿ, ಉತ್ತರ ಮತ್ತು ದಕ್ಷಿಣಕ್ಕೆ ಬೇರೆಯವರ ಮನೆಗಳಿವೆ. ತಂದೆಯವರು ದಿನಾಂಕ 14-02-2024ರಂದು ಮರಣ ಹೊಂದಿದರು. ತಾಯಿ ಅವರಿಗಿಂತ ಮೊದಲೇ ತೀರಿಕೊಂಡಿದ್ದಾರೆ. ಮರಣಶಾಸನ ಬರೆದಿಟ್ಟಿಲ್ಲ. ನಾನು, ತಂಗಿ ಶಾಂತಮ್ಮ, ತಮ್ಮ ವೀರೇಶ ಈ ಮೂವರೇ ವಾರಸುದಾರರು, ವಂಶವೃಕ್ಷ ಲಗತ್ತಿಸಿದೆ. ಬೇರೆ ವಾರಸುದಾರರಿಲ್ಲ, ಯಾರನ್ನೂ ಮುಚ್ಚಿಟ್ಟಿಲ್ಲ.

ಖಾತೆ ನನ್ನ ಹೆಸರಿಗೆ ಬದಲಾದ ಮೇಲೆ ಬೇರೆ ಯಾರಾದರೂ ಹಕ್ಕು ಸಾಧಿಸಿ ಬಂದು, ಅದರಿಂದ ನಗರಸಭೆಗೆ ನಷ್ಟವಾಗಲಿ, ದಾವೆಯ ಖರ್ಚಾಗಲಿ ತಗುಲಿದರೆ ಅದನ್ನು ನಾನು ನನ್ನ ಸ್ವಂತ ಆಸ್ತಿಯಿಂದ ತುಂಬಿಕೊಡುತ್ತೇನೆ. ನಾನಿಲ್ಲದಿದ್ದರೆ, ನನ್ನಿಂದ ಅವರಿಗೆ ಬಂದ ಆಸ್ತಿಯ ಮಟ್ಟಿಗೆ ನನ್ನ ವಾರಸುದಾರರು ಬದ್ಧರು. ಇಲ್ಲಿನ ಮಾತು ಸುಳ್ಳೆಂದು ಕಂಡುಬಂದರೆ ಖಾತೆ ರದ್ದು ಮಾಡಲು ನನ್ನ ತಕರಾರಿಲ್ಲ.

ಖಾತೆ ತೆರಿಗೆ ಕಟ್ಟುವ ಸಲುವಾಗಿ ಇರುವ ದಾಖಲೆ, ಅದರಿಂದ ಒಡೆತನ ನನ್ನೊಬ್ಬನದಾಗುವುದಿಲ್ಲ ಎಂಬುದು ನನಗೆ ತಿಳಿದಿದೆ. ತಂಗಿ ಮತ್ತು ತಮ್ಮನ ಸಮಪಾಲು ಹಾಗೆಯೇ ಉಳಿದಿದೆ. ಅವರ ಸಹಿ ಇಲ್ಲದೆ ಈ ಮನೆಯನ್ನು ಮಾರುವುದಿಲ್ಲ, ಅಡವಿಡುವುದಿಲ್ಲ.

ಗಂಗಾವತಿ, 10-06-2025
(ಸಹಿ) ಬಸವರಾಜ

ಒಪ್ಪಿಗೆ ಪತ್ರ: 1

ಶಾಂತಮ್ಮ ಗಂಡ ಮಲ್ಲಿಕಾರ್ಜುನ, ವಯಸ್ಸು 48, ಮನೆಗೆಲಸ, ಸಾಕಿನ್ ಸಿಂಧನೂರು, ಜಿಲ್ಲೆ ರಾಯಚೂರು.

ನಮ್ಮ ತಂದೆಯವರ ಮನೆಯ ಖಾತೆಯನ್ನು ನನ್ನ ಅಣ್ಣ ಬಸವರಾಜನ ಹೆಸರಿಗೆ ಮಾಡಲು ನನ್ನ ಅಭ್ಯಂತರವಿಲ್ಲ. ತಂದೆಯವರ ಕೊನೆಯ ದಿನಗಳಲ್ಲಿ ಜೊತೆಗಿದ್ದು ನೋಡಿಕೊಂಡವನು ಅಣ್ಣನೇ. ತೆರಿಗೆಯ ರಸೀದಿಗಳನ್ನು ಅಪ್ಪನ ತಗಡಿನ ಪೆಟ್ಟಿಗೆಯಲ್ಲಿ ವರ್ಷವಾರು ದಾರ ಕಟ್ಟಿ ಇಟ್ಟಿರುವುದನ್ನು ನಾನೇ ಕಂಡಿದ್ದೇನೆ. ಆದರೆ ಇದು ಹಕ್ಕು ಬಿಡುಗಡೆ ಪತ್ರವಲ್ಲ. ಹಿಂದೂ ಉತ್ತರಾಧಿಕಾರ ಅಧಿನಿಯಮ 1956ರ ಪ್ರಕಾರ ಮಗಳಾಗಿ ನನಗೆ ಬರುವ ಮೂರನೆಯ ಒಂದು ಪಾಲನ್ನು ನಾನು ಬಿಟ್ಟುಕೊಟ್ಟಿಲ್ಲ. ಬಿಡುವುದಾದರೆ ಉಪನೋಂದಣಾಧಿಕಾರಿಗಳ ಮುಂದೆ ನೋಂದಾಯಿತ ಪತ್ರವನ್ನೇ ಬರೆದುಕೊಡುತ್ತೇನೆ. ಇದಕ್ಕಾಗಿ ಹಣ ಪಡೆದಿಲ್ಲ, ಒತ್ತಾಯಕ್ಕೂ ಒಳಗಾಗಿಲ್ಲ. ನನ್ನ ಮಗಳು ಇದನ್ನು ಎರಡು ಸಲ ಓದಿ ಹೇಳಿದ ಮೇಲೆ, ಅರ್ಥ ಮಾಡಿಕೊಂಡು ಸಹಿ ಮಾಡಿದ್ದೇನೆ.

(ಸಹಿ) ಶಾಂತಮ್ಮ

ಒಪ್ಪಿಗೆ ಪತ್ರ: 2

ವೀರೇಶ ತಂದೆ ದಿವಂಗತ ಶರಣಪ್ಪ, ವಯಸ್ಸು 44, ಖಾಸಗಿ ನೌಕರಿ, ಸಾಕಿನ್ ರಾಯಚೂರು.

ಮೇಲಿನ ಮನೆಯ ಖಾತೆ ಅಣ್ಣನ ಹೆಸರಿಗಾಗಲು ನನ್ನ ಪೂರ್ಣ ಒಪ್ಪಿಗೆಯಿದೆ. ಅಕ್ಕ ಬರೆದಂತೆ ನನ್ನ ಪಾಲೂ ಉಳಿದಿದೆ. ಈ ಆಸ್ತಿಯ ಮೇಲೆ ನಾನು ಯಾವ ಸಾಲವನ್ನೂ ಪಡೆದಿಲ್ಲ, ಯಾವ ದಾವೆಯನ್ನೂ ಹೂಡಿಲ್ಲ.

(ಸಹಿ) ವೀರೇಶ

ಸಾಕ್ಷಿಗಳು: 1. (ಸಹಿ) ಅಮರೇಶ, ಸಾಕಿನ್ ಗಂಗಾವತಿ. 2. (ಸಹಿ) ಹುಲಿಗೆಮ್ಮ, ಸಾಕಿನ್ ಗಂಗಾವತಿ.

ಮೂವರೂ ನನ್ನೆದುರಿಗೆ ಸಹಿ ಮಾಡಿದ್ದಾರೆ. (ಸಹಿ ಮತ್ತು ಮೊಹರು) ನೋಟರಿ, ಗಂಗಾವತಿ

ಲಗತ್ತು: ಮರಣ ಪ್ರಮಾಣಪತ್ರ, ವಂಶವೃಕ್ಷ, ಕ್ರಯಪತ್ರದ ಪ್ರತಿ, ಋಣಭಾರ ಪತ್ರ, ಚಾಲ್ತಿ ವರ್ಷದ ತೆರಿಗೆ ರಸೀದಿ.